ಒಂದು x ಅಕ್ಷರದ ಅರ್ಜಿ

ಹಳೆಯ ಕಡತಗಳ ಮೇಲೆ ಮಹಾಪ್ರಬಂಧ ಬರೆದವಳು ನಾನು. ಇಲ್ಲಿ ಕಡತ ಅಂದರೆ ಕಚೇರಿಯ ಬೀರುಗಳಲ್ಲಿ ದೂಳು ತಿನ್ನುವ ಕಾಗದದ ಕಟ್ಟಲ್ಲ, ಬಟ್ಟೆಯದು. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಚಿ, ಎರಡು ತುದಿಗೂ ತೆಳು ಹಲಗೆ ಹಾಕಿದರೆ ಕಡತ ಸಿದ್ಧ. ಕಪ್ಪು ಮೈಯ ಮೇಲೆ ಬಳಪದಲ್ಲಿ ಬಿಳಿ ಅಕ್ಷರ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರತಂದ ತನ್ನ ಮೈಸೂರು ಚರಿತ್ರೆಯಲ್ಲಿ ಇದನ್ನು ನೋಡಿದಂತೆ ವರ್ಣಿಸಿದ್ದಾನೆ. 12ರಿಂದ 18 ಅಡಿ ಉದ್ದ, ಹೆಚ್ಚೆಂದರೆ ಒಂದಡಿ ಅಗಲ ಎಂದು ಅಳತೆ ಕೊಟ್ಟು, ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದು ಎಂದೂ ಸೇರಿಸಿದ್ದಾನೆ. ವ್ಯಾಪಾರಿಗಳು ಲೆಕ್ಕ ಬರೆದಿದ್ದು ಇದರಲ್ಲೇ. ಶೃಂಗೇರಿ ಮಠ ತನ್ನ ದಾಖಲೆಗಳನ್ನು ಇಟ್ಟದ್ದೂ ಇದರಲ್ಲೇ.

ಇಂಥ ಕಡತದಲ್ಲಿ ಹೆಸರು ತಪ್ಪಿದರೆ ಶಾನುಭೋಗರು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಳಪ ತೆಗೆದು ಬರೆದರೆ ಮುಗಿಯಿತು. ಹಿಂದೆ ಏನಿತ್ತು ಎಂದು ಕೇಳುವ ನನ್ನಂಥವರಿಗೆ ಮಾತ್ರ ಕಷ್ಟ. ಕೆಲವು ಮಡಿಕೆಗಳಲ್ಲಿ ಅಳಿಸಿದ ಸಾಲಿನ ಬೂದು ನೆರಳು ಓರೆ ಬೆಳಕಿಗೆ ಕಾಣುತ್ತದೆ. ಅದನ್ನು ಓದಲು ಹೋಗಿಯೇ ನನ್ನ ಕನ್ನಡಕದ ನಂಬರು ಏರಿದ್ದು.

ನಾನು ಹಾಸನದ ಕಡೆಯವಳು, ಓದಿದ್ದು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ. ಹೆಸರು ಜಯಲಕ್ಷ್ಮಿ. ಕನ್ನಡದಲ್ಲಿ ಬರೆದರೆ ಯಾರಿಗೂ ಗೊಂದಲವಿಲ್ಲ. ಇಂಗ್ಲಿಷಿಗೆ ಹೊರಟರೆ ಮಾತ್ರ ದಾರಿ ಕವಲೊಡೆಯುತ್ತದೆ. ನಮ್ಮ ಕಡೆ ಕ್ಷ ಬಂದರೆ ksh ಬರೆಯುವ ರೂಢಿ, ಧಾರವಾಡ, ಬೆಳಗಾವಿಗಳ ಕಡೆ x ಬರೆಯುವುದು ಹೆಚ್ಚು. ನಮ್ಮ ಬಸವರಾಜು ಅಲ್ಲಿಗೆ ಹೋದರೆ ಬಸವರಾಜ ಆಗುವ ಹಾಗೆ, ಇದೂ ಊರೂರಿನ ಪದ್ಧತಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವುದು Jayalakshmi. ನಮ್ಮ ರಾಜ್ಯದಲ್ಲಿ ಮನುಷ್ಯನ ನಿಜವಾದ ನಾಮಕರಣ ನಡೆಯುವುದು ತೊಟ್ಟಿಲಲ್ಲಲ್ಲ, ಹತ್ತನೇ ತರಗತಿಯ ಆ ಹಾಳೆಯಲ್ಲಿ.

ಮಹಾಪ್ರಬಂಧದ ಮುದ್ರಿತ ಪ್ರತಿಗಳು ಸರಿಯಾಗಿಯೇ ಬಂದವು. ಬೈಂಡಾಗಿ, ಮೌಲ್ಯಮಾಪಕರ ಕೈ ದಾಟಿ, ಮೌಖಿಕ ಪರೀಕ್ಷೆ ಮುಗಿದು, ಪದವಿ ಪ್ರದಾನದ ಅಧಿಸೂಚನೆಯೂ ಹೊರಬಿತ್ತು. ಉಳಿದದ್ದು ಸಿ.ಡಿ. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕೊಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದಾಗಿನಿಂದ, ಗ್ರಂಥಾಲಯದವರು ಅದನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾಕ್ಕೆ ಏರಿಸುತ್ತಾರೆ. ಅಲ್ಲಿಗೆ ಪ್ರಬಂಧ ಇಡಿಯಾಗಿ ಹೋಗುವುದಿಲ್ಲ. ಶೀರ್ಷಿಕೆ ಪುಟ 01_title.pdf ಎಂಬ ಹೆಸರಿನಲ್ಲಿ ಬೇರೆ, ಪ್ರಮಾಣಪತ್ರಗಳು ಬೇರೆ, ಅಧ್ಯಾಯಗಳು ಒಂದೊಂದೂ ಬೇರೆ. ಹೀಗೆ ತುಂಡು ಮಾಡಿಕೊಟ್ಟ ಡಿಟಿಪಿ ಅಂಗಡಿಯವನು ಶೀರ್ಷಿಕೆ ಪುಟ ನೆಟ್ಟಗೆ ಕೂರಲಿಲ್ಲವೆಂದು ಅದೊಂದನ್ನು ಹೊಸದಾಗಿ ಟೈಪ್ ಮಾಡಿ, ಸಿ.ಡಿ.ಯನ್ನು ನೇರ ಗ್ರಂಥಾಲಯಕ್ಕೆ ಮುಟ್ಟಿಸಿದ. ಅವನ ಬೆರಳಿಗೆ ರೂಢಿಯಾಗಿದ್ದದ್ದು Jayalaxmi.

ಒಂದಕ್ಷರಕ್ಕೆ ಇಷ್ಟು ಗೋಳೇ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಶೋಧಗಂಗಾದಲ್ಲಿ ನನ್ನ ಹೆಸರು ಕೊಟ್ಟು ಹುಡುಕಿದರೆ ನಾನೇ ಇರಲಿಲ್ಲ. ಕನ್ನಡದಲ್ಲಿ ಹುಡುಕೋಣವೆಂದರೆ ಅದೂ ಆಗದು. ಪ್ರಬಂಧವನ್ನು ಅಕ್ಷರ ಜೋಡಿಸಿದ್ದು ನುಡಿಯ ಹಳೆಯ ಫಾಂಟಿನಲ್ಲಿ. ಅದು ಕಣ್ಣಿಗೆ ಕನ್ನಡ, ಒಳಗೆಲ್ಲ ಇಂಗ್ಲಿಷಿನ ಮತ್ತು ಐರೋಪ್ಯ ಚಿಹ್ನೆಗಳ ವೇಷ. ಪಿಡಿಎಫ್‌ನಿಂದ ಜಯಲಕ್ಷ್ಮಿ ಎಂಬುದನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಬರುವುದು ಹೀಗೆ:

```
dAiÀÄ®Qëöä
```

ಯುನಿಕೋಡಿನಲ್ಲಿ ಟೈಪ್ ಮಾಡಿ ಹುಡುಕುವವರಿಗೆ ಇದು ಎಂದೂ ಸಿಗುವುದಿಲ್ಲ. ಮುನ್ನೂರು ಪುಟ ಕನ್ನಡದಲ್ಲಿ ಬರೆದರೂ ನನ್ನನ್ನು ಹುಡುಕಲು ಯಂತ್ರಕ್ಕೆ ಇದ್ದ ಒಂದೇ ಹಿಡಿಕೆ ಆ ಇಂಗ್ಲಿಷ್ ಕಾಗುಣಿತ. ಗ್ರಂಥಾಲಯದವರು ವಿವರ ತುಂಬುವಾಗ dc.creator.researcher ಎಂಬ ಅಂಕಣಕ್ಕೆ ಹೆಸರನ್ನು ಎತ್ತಿಕೊಳ್ಳುವುದು ಶೀರ್ಷಿಕೆ ಪುಟ ನೋಡಿ. ಅಲ್ಲಿ x ಇದ್ದದ್ದರಿಂದ ಇಲ್ಲಿಯೂ x ಬಂತು. ಅವರದೇನೂ ತಪ್ಪಿಲ್ಲ.

ಮೌಲ್ಯಮಾಪನ ಕುಲಸಚಿವರ ಕಚೇರಿಯ ಪಿಎಚ್.ಡಿ. ವಿಭಾಗಕ್ಕೆ ಹೋದೆ. 'ಹೆಸರು ಸರಿಪಡಿಸಿಕೊಡಿ' ಎಂದು ಒಂದು ಸಾಲಿನ ಅರ್ಜಿ. ವಿಷಯ ನಿರ್ವಾಹಕರು ಓದಿ, ಕನ್ನಡಕ ಹಣೆಗೇರಿಸಿದರು.

"ಅಲ್ರೀ ಮೇಡಂ, ಹೆಸರು ಬದಲಿ ಅಂದ್ರ ಅಫಿಡವಿಟ್ ಬೇಕ್ರೀ. ಪೇಪರ್‌ನ್ಯಾಗ ಜಾಹೀರಾತು ಬೇಕು. ಗೆಜೆಟ್ಟೂ ಬೇಕಾಗ್ತದ."

"ಹೆಸರು ಬದಲಾಯಿಸ್ತಿಲ್ಲ ಸರ್. ನನ್ನ ಹೆಸರು ಇದ್ದ ಹಾಗೇ ಇದೆ. ಸಿ.ಡಿ.ಯಲ್ಲಿ ತಪ್ಪಿದೆ."

"ಹಂಗಂತ ಅರ್ಜಿಯೊಳಗ ಎಲ್ಲೈತ್ರೀ?"

ನ್ಯಾಯವಾದ ಪ್ರಶ್ನೆ. ಪಕ್ಕದ ಮೇಜಿನ ಅಧೀಕ್ಷಕರು, ನಿವೃತ್ತಿಯ ಅಂಚಿನಲ್ಲಿದ್ದವರು, ಕುರ್ಚಿ ತೋರಿಸಿ ನನ್ನ ಎಲ್ಲ ಕಾಗದ ಮೇಜಿನ ಮೇಲೆ ಹರವಲು ಹೇಳಿದರು. ಅಂಕಪಟ್ಟಿ, ಪಿಎಚ್.ಡಿ. ನೋಂದಣಿ ಆದೇಶ, ಬೈಂಡಾದ ಪ್ರತಿಯ ಮೊದಲ ಪುಟ, ಅಧಿಸೂಚನೆ, ಕೊನೆಗೆ ಸಿ.ಡಿ.ಯ ಪುಟದ ಪ್ರಿಂಟು. ಮೊದಲ ನಾಲ್ಕೂ ಒಂದೇ ಮಾತು ಹೇಳುತ್ತಿದ್ದವು, ಐದನೆಯದು ಬೇರೆ. "ನಾಲ್ಕು ಒಂದಾಗಿ ಒಂದು ಬ್ಯಾರೆ ಇದ್ರ ಅದು ತಿದ್ದುಪಡಿ. ಅಂಕಪಟ್ಟೀನ ಬ್ಯಾರೆ ಇದ್ರ ಅದು ನಮ್ಮ ಕೆಲಸ ಅಲ್ಲ, ಮಂಡಳೀದು. ಬೈಂಡಾದ ಪ್ರತಿನ ತಪ್ಪಿದ್ರಂತೂ ಬಾಳ ತ್ರಾಸು. ಪರೀಕ್ಷಕರು ನೋಡಿದ ಪ್ರತಿ ಅದು, ಅದಕ್ಕ ಯಾರೂ ಕೈ ಹಚ್ಚಾಂಗಿಲ್ಲ. ಒಪ್ಪೋಲೆ ಅಂಟಿಸಬೇಕು ಅಷ್ಟ."

ಆಮೇಲೆ ಅವರು ಹೇಳಿದ ಮಾತು ನನಗೆ ಕಚೇರಿಯ ಗುಟ್ಟನ್ನೇ ಬಿಚ್ಚಿಟ್ಟಿತು. 'ಹೆಸರು ಸರಿಪಡಿಸಿ' ಎಂಬ ಬರಿ ಅರ್ಜಿಗೆ ಷರಾ ಬಿದ್ದು ಮುಂದೆ ಹೋದರೆ, ಕೆಳಗಿನ ಯಾರೋ ಒಬ್ಬರು ಅದನ್ನು ನೋಂದಣಿ ಪುಸ್ತಕದಲ್ಲೂ ತಿದ್ದುತ್ತಾರೆ. ಘಟಿಕೋತ್ಸವ ವಿಭಾಗ ಪದವಿ ಪತ್ರವನ್ನು ತಡೆಹಿಡಿಯುತ್ತದೆ. ಸರಿಯಿದ್ದ ನಾಲ್ಕು ಕಡೆಯೂ ಪ್ರಶ್ನೆ ಏಳುತ್ತದೆ. ಬಟ್ಟೆಯ ಕಡತದಲ್ಲಿ ತಿದ್ದುವುದೆಂದರೆ ಒರೆಸುವುದು. ಕಾಗದದ ಕಡತದಲ್ಲಿ ಏನನ್ನೂ ಒರೆಸುವಂತಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಸಣ್ಣ ಸಹಿ, ತಾರೀಖು. ತಪ್ಪೂ ಓದಲು ಬರುತ್ತಿರಬೇಕು. ಹಾಗಾಗಿ ಅಲ್ಲಿ ಒಂದು ತಿದ್ದುಪಡಿ ಬೇಡದ ಜಾಗಕ್ಕೆ ಹೋಗಿ ಕೂತರೆ ಅದನ್ನು ತೆಗೆಯಲು ಇನ್ನೊಂದು ತಿದ್ದುಪಡಿ ಬೇಕು. ಎಲ್ಲಿ ತಿದ್ದಬೇಕು ಎನ್ನುವುದಕ್ಕಿಂತ ಎಲ್ಲಿ ತಿದ್ದಬಾರದು ಎನ್ನುವುದನ್ನು ಅರ್ಜಿ ಗಟ್ಟಿಯಾಗಿ ಹೇಳಬೇಕು.

ಅಲ್ಲೇ ಕೂತು ಬರೆದ ಎರಡನೆಯ ಅರ್ಜಿ ಮಾರ್ಗದರ್ಶಕರ ಮತ್ತು ವಿಭಾಗದ ಅಧ್ಯಕ್ಷರ ಮೂಲಕ ಹೋಯಿತು. ಅದರ ಒಡಲು ಇಷ್ಟು:

ವಿಷಯ: ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯಲ್ಲಿ ಮಾತ್ರ ಹೆಸರಿನ ಇಂಗ್ಲಿಷ್ ಕಾಗುಣಿತ ಸರಿಪಡಿಸುವ ಬಗ್ಗೆ. ನಾನು ಸಲ್ಲಿಸಿದ ಮುದ್ರಿತ ಪ್ರತಿಯಲ್ಲಿ, ನೋಂದಣಿಯಲ್ಲಿ ಮತ್ತು ಅಧಿಸೂಚನೆಯಲ್ಲಿ ನನ್ನ ಹೆಸರು Jayalakshmi ಎಂದು ಸರಿಯಾಗಿದ್ದು, ಇವುಗಳಲ್ಲಿ ಯಾವ ಬದಲಾವಣೆಯೂ ಬೇಕಿಲ್ಲ. ವಿದ್ಯುನ್ಮಾನ ಪ್ರತಿಯ 01_title.pdf ಕಡತದಲ್ಲಿ ಮಾತ್ರ Jayalaxmi ಎಂದಾಗಿದೆ. ಆ ಒಂದು ಕಡತವನ್ನು ಲಗತ್ತಿಸಿರುವ ಸರಿಯಾದ ಕಡತದಿಂದ ಬದಲಿಸಿ, ಶೋಧಗಂಗಾದ ಸಂಶೋಧಕರ ಹೆಸರಿನ ಅಂಕಣವನ್ನು ಅದರಂತೆ ತಿದ್ದಲು ಗ್ರಂಥಾಲಯಕ್ಕೆ ಸೂಚಿಸಬೇಕಾಗಿ ಕೋರಿಕೆ. ಇತರ ಕಡತಗಳ ಪಠ್ಯ, ಪುಟಸಂಖ್ಯೆ ಯಾವುದೂ ಬದಲಾಗಿಲ್ಲ.

ಕೊನೆಯ ವಾಕ್ಯ ಮಾರ್ಗದರ್ಶಕರದು. ಮೇಷ್ಟ್ರು ಅದರ ಕೆಳಗೆ 'ಪರಿಶೀಲಿಸಿದ್ದೇನೆ' ಎಂದು ಬರೆದು ಸಹಿ ಹಾಕಿದರು. ಹೆಸರಿನ ನೆಪದಲ್ಲಿ ಹೊಸ ಸಿ.ಡಿ. ಕೊಟ್ಟು, ಅದರಲ್ಲಿ ಒಂದು ಅಧ್ಯಾಯವನ್ನೇ ಹಿಗ್ಗಿಸಿದವರೂ ಉಂಟಂತೆ. ಕೃತಿಚೌರ್ಯ ತಪಾಸಣೆಯ ಪ್ರಮಾಣಪತ್ರ ಹಳೆಯ ಪಠ್ಯಕ್ಕೆ ಕೊಟ್ಟದ್ದು. ಪಠ್ಯ ಬದಲಾದರೆ ಅದು ಸುಳ್ಳಾಗುತ್ತದೆ. ಅದಕ್ಕೇ ಇಡೀ ಸಿ.ಡಿ. ಬೇಡ, ತಪ್ಪಿದ ಒಂದೇ ಕಡತ ಸಾಕು ಎಂದು ಅಧೀಕ್ಷಕರು ಹೇಳಿದ್ದು.

ಆ ಒಂದು ಕಡತವನ್ನು ಈ ಸಲ ನಾನೇ ಸಿದ್ಧ ಮಾಡಿದೆ. ಹೊಸದಾಗಿ ಟೈಪ್ ಮಾಡುವ ಗೋಜಿಗೆ ಹೋಗದೆ ಬೈಂಡಾದ ಪ್ರತಿಯ ಮೂಲ ಕಡತದಿಂದಲೇ ಪುಟ ತೆಗೆದೆ. ಪಿಡಿಎಫ್‌ನ ಒಳವಿವರ ತೆರೆದು ನೋಡಿದರೆ ಇನ್ನೊಂದು ತಮಾಷೆ ಕಾದಿತ್ತು. ಪುಟದ ಮೇಲೆ ಏನೇ ಇರಲಿ, Author ಎಂಬಲ್ಲಿ ಇದ್ದದ್ದು ADMIN. ಅಂಗಡಿಯ ಕಂಪ್ಯೂಟರಿನ ಹೆಸರು ಅದು. ವರ್ಷಗಟ್ಟಲೆ ಕಡತಗಳ ಮಡಿಕೆ ಬಿಡಿಸಿದವರು ಶ್ರೀಮಾನ್ ಅಡ್ಮಿನ್ ಅವರು ಎಂದಾಯಿತು. ಅದನ್ನೂ ತಿದ್ದಿದೆ. ಕನ್ನಡದ ಹೆಸರನ್ನು ಯುನಿಕೋಡಿನಲ್ಲಿ ಆ ಒಳವಿವರಕ್ಕೆ ಸೇರಿಸಿದೆ. ಇದನ್ನು ಯಾರ ಅನುಮತಿಯನ್ನೂ ಕೇಳದೆ ಮಾಡಿದೆ, ಕೇಳಿದ್ದರೆ ಇನ್ನೊಂದು ಕಡತ ತೆರೆಯುತ್ತಿತ್ತು.

ಕುಲಸಚಿವರ ಸಹಿಯಾಗಿ ಪತ್ರ ಗ್ರಂಥಾಲಯಕ್ಕೆ ಬಂದ ಮೇಲೆ ಅಲ್ಲಿನವರು ಹಳೆಯ ನಮೂದನ್ನು ಅಳಿಸಿ ಹೊಸದು ಮಾಡಲು ಹೊರಟಿದ್ದರು. ಬೇಡವೆಂದು ಬೇಡಿಕೊಂಡೆ. ಶೋಧಗಂಗಾದ ಪ್ರತಿ ಪ್ರಬಂಧಕ್ಕೂ 10603 ಎಂದು ಶುರುವಾಗುವ ಒಂದು ಶಾಶ್ವತ ವಿಳಾಸವಿರುತ್ತದೆ. ಹೊಸ ನಮೂದಾದರೆ ಹೊಸ ಸಂಖ್ಯೆ ಬರುತ್ತದೆ. ಅಷ್ಟರಲ್ಲಿ ಯಾರಾದರೂ ಹಳೆಯದನ್ನು ಉಲ್ಲೇಖಿಸಿದ್ದರೆ ಅವರ ಅಡಿಟಿಪ್ಪಣಿ ಬಾವಿಗೆ ಬಿದ್ದ ಹಾಗೆ. ಇದ್ದ ನಮೂದಿನೊಳಗೇ ಕಡತ ಬದಲಿಸಿ, ಅಂಕಣ ತಿದ್ದಿದರು. ಗೂಗಲ್‌ನಲ್ಲಿ ಮಾತ್ರ x ಇನ್ನೂ ಕೆಲವು ಕಾಲ ಹಟ ಹಿಡಿದು ಕೂತಿತ್ತು. ಅದು ಯಂತ್ರ ಮತ್ತೆ ಬಂದು ನೋಡುವವರೆಗಿನ ಮಾತು, ಯಾರಿಗೂ ಅರ್ಜಿ ಕೊಡಬೇಕಿಲ್ಲ.

ಇನ್ನುಳಿದದ್ದು ಒಂದು ನಿಯತಕಾಲಿಕ. ಅದರಲ್ಲಿ ಅಚ್ಚಾದ ನನ್ನ ಒಂದು ಲೇಖನದಲ್ಲೂ ಅದೇ x ಉಂಟು. ಸಂಪಾದಕರು ನಿವೃತ್ತರಾಗಿ ಪತ್ರಿಕೆಯೂ ನಿಂತಿದೆ. ಅದಕ್ಕೆ ಓರ್ಕಿಡ್ ಮೊರೆ ಹೋದೆ. ಸಂಶೋಧಕರಿಗೆ 16 ಅಂಕಿಗಳ ಗುರುತು ಕೊಡುವ, 2012ರಲ್ಲಿ ಶುರುವಾದ ಆ ವ್ಯವಸ್ಥೆಯಲ್ಲಿ Also known as ಎಂಬ ಅಂಕಣವಿದೆ. ಹಳೆಯ ಗ್ರಂಥಾಲಯಗಳ ಸೂಚಿಪೆಟ್ಟಿಗೆಯಲ್ಲಿ 'ಆ ಹೆಸರಿಗೆ ಈ ಹೆಸರು ನೋಡಿ' ಎಂದು ಇಡುತ್ತಿದ್ದ ಕಾರ್ಡಿನ ಕೆಲಸವನ್ನೇ ಅದು ಮಾಡುತ್ತದೆ. ಕಚೇರಿಯಿಂದ ಹೊರಗಟ್ಟಲು ಅಷ್ಟು ಓಡಾಡಿದ Jayalaxmiಯನ್ನು ನಾನೇ ಕೈಯಾರೆ ಅಲ್ಲಿ ಕೂರಿಸಿದ್ದೇನೆ. ಹುಬ್ಬಳ್ಳಿಯಲ್ಲಿರುವ ನಮ್ಮ ಸೋದರತ್ತೆಗೆ ಇದನ್ನು ಹೇಳಿದಾಗ ಬಹಳ ಖುಷಿಪಟ್ಟರು. ನನ್ನ ಮದುವೆಯ ಕರೆಯೋಲೆ ಅಚ್ಚು ಹಾಕಿಸಿದವರು ಅವರೇ, ಅದರಲ್ಲಿರುವುದೂ x.