ಪ್ರೆಸ್ಸಿನವರು ತೆರೆದು ನೋಡುವ ನಾಲ್ಕು ಹಾಳೆ

ನಮ್ಮೂರಿನ ಹೆಸರನ್ನೇ ತಗೊಳ್ಳಿ. ಬಂಟ್ವಾಳ ಕ್ರಾಸ್ ರೋಡ್ ಅಂತ ಪೂರ್ತಿ ಹೇಳುವವರು ಈಗ ಕಡಿಮೆ. ಆದರೆ ಬೋರ್ಡುಗಳನ್ನು ನೋಡ್ತಾ ಹೋದರೆ ಬಿ.ಸಿ.ರೋಡ್ ಉಂಟು, ಬಿ.ಸಿ. ರೋಡು ಉಂಟು, ಚುಕ್ಕಿಯೇ ಇಲ್ಲದ ಬಿ ಸಿ ರೋಡ್ ಕೂಡ ಉಂಟು. ಪಕ್ಕದ ಊರಿನದ್ದು ಇನ್ನೂ ಸ್ವಾರಸ್ಯ: ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ. ಬಸ್ಸಿಗೆ ಹತ್ತುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಬರುವುದು ಇಂಥ ಹೆಸರು ದುಡ್ಡಿನ ಕಾಗದದ ಮೇಲೆ ಅಚ್ಚಾದಾಗ.

ನಾನು ಡಿಸೈನ್ ಕೆಲಸ ಮಾಡಿಕೊಡುವ ಒಂದು ಪತ್ತಿನ ಸೊಸೈಟಿಗೆ ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಶಾಖೆ. ಪ್ರತಿ ಶಾಖೆಯೂ ತನಗೆ ಹತ್ತಿರದ ಪ್ರೆಸ್ಸಿನಲ್ಲಿ ಪ್ರಿಂಟ್ ಮಾಡಿಸಿಕೊಳ್ತಿತ್ತು. ಒಂದು ದಿನ ವಯಸ್ಸಾದ ಒಬ್ಬರು ಅಮ್ಮ ಎರಡು ಠೇವಣಿ ಪತ್ರ ಹಿಡಿದುಕೊಂಡು ಮ್ಯಾನೇಜರ್ ಎದುರು ಕೂತರು. ಒಂದು ಗಾಢ ಹಸಿರು, ಇನ್ನೊಂದು ನೀಲಿ ಕಡೆಗೆ ಹೋದ ಹಸಿರು. ಒಂದರಲ್ಲಿ "ಸಹಕಾರಿ", ಇನ್ನೊಂದರಲ್ಲಿ "ಸಹಕಾರ". ಎರಡರಲ್ಲಿ ಒಂದು ಡೂಪ್ಲಿಕೇಟ್ ಇರಬೇಕು ಅಂತ ಮಗ ಹೇಳಿದ್ದನಂತೆ. "ಎರಡೂ ಈಗಲೇ ಒಡೆದು ಕೊಡಿ ಮಾರಾಯ್ರೆ, ನನಗೆ ಬಡ್ಡಿಯೇ ಬೇಡ" ಅಂದರು. ಎರಡೂ ಅಸಲಿಯೇ. ಆದರೆ ಅದನ್ನು ಅವರಿಗೆ ಒಪ್ಪಿಸಲು ಲೆಡ್ಜರ್ ತೆಗೆದು ತೋರಿಸಬೇಕಾಯಿತು. ಸೊಸೈಟಿ ನಡೆಯುವುದೇ ನಂಬಿಕೆಯ ಮೇಲೆ. ಆ ನಂಬಿಕೆ ಒಂದು ಶಾಯಿಯ ಬಣ್ಣಕ್ಕೆ ಅಲ್ಲಾಡಿತು.

ಸೊಸೈಟಿಯಲ್ಲಿ ಬ್ರ್ಯಾಂಡ್ ಗೈಡ್‌ಲೈನ್ಸ್ ಇರಲಿಲ್ಲ ಅಂತಲ್ಲ. ಬೆಂಗಳೂರಿನಿಂದ ಮಾಡಿಸಿದ ನಲವತ್ತು ಪುಟದ ಪಿಡಿಎಫ್ ಇತ್ತು. ಅದರಲ್ಲಿ ಸಂಸ್ಥೆಯ ಕನಸು, ಧ್ಯೇಯ, ಚಾ ಕಪ್ಪಿನ ಮೇಲೆ ಲೋಗೋ ಹೇಗೆ ಕಾಣುತ್ತದೆ ಅನ್ನುವ ಚಿತ್ರ, ಎಲ್ಲ ಇತ್ತು. ರಶೀದಿ ಪುಸ್ತಕ ಯಾವ ಶಾಯಿಯಲ್ಲಿ ಪ್ರಿಂಟ್ ಮಾಡಬೇಕು ಅನ್ನುವುದು ಮಾತ್ರ ಇರಲಿಲ್ಲ. ಮೆಷಿನ್ ಎದುರು ನಿಂತವನಿಗೆ ಉತ್ತರ ಸಿಗದ ದಾಖಲೆಯನ್ನು ಅವನು ಎರಡನೇ ಸಲ ತೆರೆಯುವುದಿಲ್ಲ. ಹಾಗಾಗಿ ಪ್ರೆಸ್ಸಿನವರಿಗೆ, ಫ್ಲೆಕ್ಸಿನವರಿಗೆ, ನನ್ನಂಥ ಬಿಡಿ ಕೆಲಸದವರಿಗೆ ಅಂತಲೇ ನಾಲ್ಕು ಹಾಳೆ ಮಾಡಿದೆವು.

ಮೊದಲ ಹಾಳೆಯಲ್ಲಿ ಬಣ್ಣವೂ ಇಲ್ಲ, ಲೋಗೋವೂ ಇಲ್ಲ. ಬರೀ ಪದಗಳು. ಸೊಸೈಟಿಯ ಹೆಸರು ನೋಂದಣಿ ಪತ್ರದಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ. ಅದನ್ನು ಎರಡು ಸಾಲು ಮಾಡಬೇಕಾದರೆ ಯಾವ ಪದದ ನಂತರ ಒಡೆಯಬೇಕು. ಮೂರು ಊರಿನ ಹೆಸರು ಕನ್ನಡದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಹೇಗೆ. ಬಿ.ಸಿ.ರೋಡ್ ಬರೆಯುವಾಗ ಚುಕ್ಕಿ ಎಲ್ಲಿ, ಜಾಗ ಬಿಡಬೇಕೋ ಬೇಡವೋ. ಅಂಕಿಗಳು 1, 2, 3 ಅಂತಲೇ ಇರಬೇಕು, ಕನ್ನಡ ಅಂಕಿ ಬೇಡ. ಇದು ಡಿಸೈನಿನ ವಿಷಯವೇ ಅಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಆ ಅಮ್ಮನ ಕಣ್ಣಿಗೆ ಬಿದ್ದ ಎರಡು ವ್ಯತ್ಯಾಸಗಳಲ್ಲಿ ಒಂದು ಇದೇ ಅಲ್ಲವೇ?

ಎರಡನೇ ಹಾಳೆ ಕನ್ನಡ ಅಕ್ಷರಕ್ಕೆ. ಇಂಗ್ಲಿಷ್ ಮಾದರಿ ನೋಡಿ ಮಾಡಿದ ಗೈಡ್‌ಲೈನ್ಸ್ ಮಗುಚಿಬೀಳುವುದು ಇಲ್ಲಿ. ನಮ್ಮ ಕಡೆಯ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೇ ನುಡಿ, ಶ್ರೀಲಿಪಿ ಫಾಂಟುಗಳೇ ಓಡ್ತಿವೆ. ಪೇಜ್‌ಮೇಕರಿಗಂತೂ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ಹಳೇ ನುಡಿಯಲ್ಲಿ ಟೈಪ್ ಮಾಡಿದ "ಕನ್ನಡ" ಅನ್ನುವ ಪದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ `PÀ£ÀßqÀ` ಅಂತ ಕಾಣುತ್ತದೆ. ಆಗ ಅರ್ಜೆಂಟಿನಲ್ಲಿದ್ದ ಹುಡುಗ ಏನು ಮಾಡ್ತಾನೆ? ತನ್ನಲ್ಲಿರುವ ಬೇರೆ ಫಾಂಟಿನಲ್ಲಿ ಹೆಸರನ್ನು ಹೊಸದಾಗಿ ಟೈಪ್ ಮಾಡ್ತಾನೆ. ಸಹಕಾರಿ ಸಹಕಾರ ಆಗುವುದು ಹಾಗೆ.

ಅದಕ್ಕೆ ಹಾಳೆಯಲ್ಲಿ ಹೀಗೆ ಬರೆದೆವು: ಸೊಸೈಟಿಯ ಹೆಸರನ್ನು ಯಾರೂ ಟೈಪ್ ಮಾಡಬಾರದು. ಅದು ಕರ್ವ್ಸ್ ಮಾಡಿದ ಚಿತ್ರವಾಗಿಯೇ ಫೈಲಿನಲ್ಲಿದೆ, ಎತ್ತಿ ಇಡುವುದು ಮಾತ್ರ. ಉಳಿದ ಮ್ಯಾಟರನ್ನು ಯೂನಿಕೋಡಿನಲ್ಲಿ ಒಂದು ಪ್ರತಿ, ಸರಿ ಇದ್ದ ಪಿಡಿಎಫ್ ಒಂದು ಪ್ರತಿ, ಹೀಗೆ ಜೊತೆಯಾಗಿ ಕಳಿಸುತ್ತೇವೆ. ಪ್ರೆಸ್ಸಿನವರು ಯೂನಿಕೋಡನ್ನು ತಮ್ಮ ಫಾಂಟಿಗೆ ಕನ್ವರ್ಟ್ ಮಾಡಿಕೊಳ್ಳಲಿ. ಆಮೇಲೆ ಪಿಡಿಎಫ್ ಪಕ್ಕದಲ್ಲಿಟ್ಟು ಐದು ಪದ ನೋಡಿದರೆ ಸಾಕು: ಅರ್ಜಿ, ಕೃಷಿ, ಠೇವಣಿ, ರಾಷ್ಟ್ರೀಯ, ಬ್ಯಾಂಕ್‌ನ. ಅರ್ಕಾವತ್ತು, ಒತ್ತು, ಒತ್ತಿನ ಕೆಳಗಿನ ಒತ್ತು, ಅರ್ಧಕ್ಕೆ ನಿಲ್ಲುವ ಅಕ್ಷರ, ಕನ್ವರ್ಟ್ ಮಾಡುವಾಗ ಹೆಚ್ಚಾಗಿ ಕೆಡುವುದು ಇವೇ.

ಅದೇ ಹಾಳೆಯಲ್ಲಿ ಸಾಲುಗಳ ನಡುವಿನ ಅಂತರವೂ ಇದೆ. ಸಾಫ್ಟ್‌ವೇರ್ ತಾನಾಗಿ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರದ ಅಳತೆಯ 120 ಶೇಕಡಾ, ಅಂದರೆ 12 ಪಾಯಿಂಟ್ ಅಕ್ಷರಕ್ಕೆ 14.4 ಪಾಯಿಂಟ್. ಇಂಗ್ಲಿಷಿಗೆ ಅದು ಸಾಕು. ಆದರೆ ರಾಷ್ಟ್ರೀಯ ಅಂತ ಬರೆದರೆ ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಆಗ ಪ್ರೆಸ್ಸಿನವರು ಅಕ್ಷರವನ್ನೇ ಸಣ್ಣ ಮಾಡ್ತಾರೆ, ಒಂದೊಂದು ಪ್ರೆಸ್ಸಿನಲ್ಲಿ ಒಂದೊಂದು ಅಳತೆ. ನಾವು 12ಕ್ಕೆ 18 ಅಂತ ಬರೆದುಕೊಟ್ಟೆವು. ಜಾಗ ಸಾಲದಿದ್ದರೆ ಮ್ಯಾಟರ್ ಕಡಿಮೆ ಮಾಡಲು ನಮಗೆ ಹೇಳಿ, ಅಕ್ಷರ ಕುಗ್ಗಿಸಬೇಡಿ ಅಂತಲೂ.

ಮೂರನೇ ಹಾಳೆ ಬಣ್ಣಕ್ಕೆ. ಮೊಬೈಲಿನಲ್ಲಿ ಕಾಣುವ ಹಸಿರು ಬೆಳಕಿನಿಂದ ಆದದ್ದು, ಕಾಗದದ ಮೇಲಿನದ್ದು ಶಾಯಿಯಿಂದ ಆದದ್ದು. ಬೆಳಕಿನ ಕೆಲವು ಹಸಿರು ನಾಲ್ಕು ಶಾಯಿಗೆ ಸಿಗುವುದೇ ಇಲ್ಲ. ಅದಕ್ಕೇ ಶಾಯಿಯ ಲೆಕ್ಕ ಬೇಕು. ನಮ್ಮದು ಸಿ 85, ಎಂ 30, ವೈ 90, ಕೆ 30. ಆದರೆ ಲೆಕ್ಕ ಒಂದೇ ಕೊಟ್ಟರೂ ಸಾಲದು. ಮ್ಯಾಪ್‌ಲಿಥೋ ಕಾಗದ ಶಾಯಿ ಹೀರುತ್ತದೆ, ಹಸಿರು ಮಂಕಾಗುತ್ತದೆ. ಆರ್ಟ್ ಪೇಪರಿನಲ್ಲಿ ಅದೇ ಲೆಕ್ಕ ಮಿಂಚುತ್ತದೆ. ಫ್ಲೆಕ್ಸ್ ಮೆಷಿನ್ನಿನದ್ದು ಬೇರೆಯೇ ಶಾಯಿ. ಹಾಗಾಗಿ ಎರಡೂ ಕಾಗದದಲ್ಲಿ ಒಂದೊಂದು ತುಂಡು ಪ್ರಿಂಟ್ ತೆಗೆದು, ತಾರೀಕು ಹಾಕಿ, ಸಹಿ ಮಾಡಿ ಪ್ರತಿ ಪ್ರೆಸ್ಸಿಗೆ ಕೊಟ್ಟೆವು. ಬಿಸಿಲಿಗೆ ಬಣ್ಣ ಬಿಡುವುದರಿಂದ ಅದನ್ನು ಲಕೋಟೆಯೊಳಗೇ ಇಡಬೇಕು. ತಾಳೆ ನೋಡುವುದು ಆ ತುಂಡಿಗೆ, ಮೊಬೈಲಿಗಲ್ಲ.

ರಶೀದಿ ಪುಸ್ತಕದ ಕತೆ ಬೇರೆ. ಅದು ಒಂದೇ ಬಣ್ಣದ ಕೆಲಸ. ಅಲ್ಲಿ ನಾಲ್ಕು ಶಾಯಿ ಸೇರಿಸುವುದಿಲ್ಲ, ಡಬ್ಬದಿಂದ ಒಂದು ಹಸಿರು ತೆಗೆದು ಓಡಿಸ್ತಾರೆ. ಪ್ರತಿ ಪ್ರೆಸ್ಸಿನ ಡಬ್ಬ ಬೇರೆ, ಅಲ್ಲೇ ಆ ನೀಲಿ ಹಸಿರು ಹುಟ್ಟಿದ್ದು. ನಮ್ಮ ನಿಯಮ ಸರಳ: ರಶೀದಿ ಕಪ್ಪು ಶಾಯಿಯಲ್ಲೇ. ಠೇವಣಿ ಪತ್ರ ಮೂರು ಶಾಖೆಗೂ ಒಂದೇ ಪ್ರೆಸ್ಸಿನಲ್ಲಿ, ಒಂದೇ ಓಟದಲ್ಲಿ. ಕೆಲವನ್ನು ಹಂಚಿ ಮಾಡಿಸಲೇಬಾರದು ಅಂತ ಹೇಳುವುದೂ ಗೈಡ್‌ಲೈನ್ಸಿನ ಕೆಲಸವೇ.

ನಾಲ್ಕನೇ ಹಾಳೆ ಲೋಗೋದ ಅಳತೆಗೆ. ಸೊಸೈಟಿಯ ಲೋಗೋ ಒಂದು ವೃತ್ತ, ಒಳಗೆ ಅಡಿಕೆ ಗೊನೆ, ಸುತ್ತಲೂ ಹೆಸರು. ಫ್ಲೆಕ್ಸಿನಲ್ಲಿ ಚಂದ. ರಬ್ಬರ್ ಸ್ಟಾಂಪಿನಲ್ಲಿ ಸುತ್ತಲಿನ ಅಕ್ಷರದ ಹೊಟ್ಟೆಯೊಳಗೆ ಶಾಯಿ ತುಂಬಿ ಎಲ್ಲ ಚುಕ್ಕಿ ಚುಕ್ಕಿ. ಇದಕ್ಕೆ ನನಗೆ ಮಾದರಿಯಾಗಿ ಸಿಕ್ಕಿದ್ದು ನಮ್ಮ ರಾಷ್ಟ್ರಧ್ವಜದ ನಿಯಮ. 1951ರಲ್ಲಿ ಮೊದಲು ಬಂದು 1968ರಲ್ಲಿ ಪರಿಷ್ಕೃತವಾದ ಐಎಸ್ 1 ಎಂಬ ಆ ಮಾನಕದ ಪ್ರಕಾರವೇ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಧ್ವಜ ತಯಾರಿಸುವುದು. ಅದರಲ್ಲಿ ಒಂಬತ್ತು ಅಳತೆ, ಪ್ರತಿ ಅಳತೆಗೂ ಚಕ್ರದ ವ್ಯಾಸ ಬೇರೆಯಾಗಿ ಬರೆದಿದೆ. 900 ಮಿ.ಮೀ. ಉದ್ದ, 600 ಅಗಲದ ಧ್ವಜಕ್ಕೆ ಚಕ್ರ 185 ಮಿ.ಮೀ. ಎಲ್ಲಕ್ಕಿಂತ ಚಿಕ್ಕದಾದ 150ಕ್ಕೆ 100ರ ಧ್ವಜಕ್ಕೆ 25. ಭಾಗಿಸಿ ನೋಡಿ, ಅನುಪಾತ ಒಂದೇ ಅಲ್ಲ. "ಚಕ್ರ ಸೂಕ್ತ ಗಾತ್ರದಲ್ಲಿರಲಿ" ಅಂತ ಬರೆದು ಬಿಟ್ಟಿಲ್ಲ, ಲೆಕ್ಕ ಹಾಕುವ ಕೆಲಸವನ್ನು ಹೊಲಿಯುವವರ ತಲೆಗೂ ಹಾಕಿಲ್ಲ.

ನಾವೂ ಹಾಗೇ ಮಾಡಿದೆವು. 25 ಮಿ.ಮೀ.ಗಿಂತ ಚಿಕ್ಕದಾದರೆ ಸುತ್ತಲಿನ ಹೆಸರು ಇಲ್ಲದ, ಗೆರೆ ದಪ್ಪ ಮಾಡಿದ ಬೇರೆ ಲೋಗೋ. ಮೂರೇ ಫೈಲು: `logo-4color.pdf`, `logo-black.pdf`, `logo-small.pdf`. ಯಾವ ಕೆಲಸಕ್ಕೆ ಯಾವುದು ಅಂತ ಪಟ್ಟಿ. ಇವನ್ನು ವಾಟ್ಸ್ಆ್ಯಪಿನಲ್ಲಿ ಫೋಟೋ ಮಾಡಿ ಕಳಿಸಬಾರದು, ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಫೋಟೋ ಆದರೆ ಅದು ಕುಗ್ಗಿ ಹೋಗುತ್ತದೆ, ಅದನ್ನೇ ಹತ್ತಡಿಯ ಫ್ಲೆಕ್ಸಿಗೆ ಹಿಗ್ಗಿಸಿದರೆ ಅಡಿಕೆ ಗೊನೆ ದ್ರಾಕ್ಷಿ ಗೊನೆಯಾಗ್ತದೆ.

ಇನ್ನು ಹಳೇ ಸ್ಟಾಕಿನ ಪ್ರಶ್ನೆ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದದ್ದನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ಬೋರ್ಡ್ ಬದಲಾದಾಗ ಜನ ಮೊದಲು ಕೇಳುವುದು "ನನ್ನ ಹಳೇ ಪುಸ್ತಕ ನಡೀತದಾ?" ಅಂತ. ಆದ್ದರಿಂದ ನಮ್ಮ ಹಾಳೆಗಳ ಕೊನೆಯಲ್ಲಿ ಎರಡು ತಾರೀಕು ಇವೆ: ಹಳೇ ನಮೂನೆ ಎಂದಿನವರೆಗೆ ಬಳಸಬಹುದು, ಹೊಸತು ಎಂದಿನಿಂದ. ಹಳೇ ಪತ್ರಗಳು ಅವಧಿ ಮುಗಿಯುವವರೆಗೂ ಊರ್ಜಿತ ಅನ್ನುವ ನೋಟಿಸು, ಎರಡೂ ನಮೂನೆಯ ಚಿತ್ರದ ಸಮೇತ, ಮೂರು ಕೌಂಟರಿನಲ್ಲೂ ಅಂಟಿಸಿದ್ದಾಯಿತು.

ಜಾತ್ರೆ, ಯಕ್ಷಗಾನದ ಶುಭಾಶಯದ ಬ್ಯಾನರಿಗೆ ಬಣ್ಣ, ಚಿತ್ರ, ಅಲಂಕಾರ ಎಲ್ಲ ಡಿಸೈನರನ ಇಷ್ಟ ಅಂತ ಸ್ಪಷ್ಟವಾಗಿ ಬರೆದಿದ್ದೇವೆ. ಹೆಸರು ಮತ್ತು ಲೋಗೋ ಮಾತ್ರ ಮುಟ್ಟಬಾರದು. ಎಲ್ಲವನ್ನೂ ಕಟ್ಟಿಹಾಕಿದರೆ ಯಾವುದನ್ನೂ ಯಾರೂ ಪಾಲಿಸುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಹಾಳೆಗಳು ಸರಿ ಇವೆಯೋ ಅಂತ ನೋಡುವ ಉಪಾಯ ಒಂದುಂಟು. ಒಂದೇ ಲೆಟರ್‌ಹೆಡ್ಡನ್ನು ಒಂದೇ ದಿನ ಎರಡು ಊರಿನ ಪ್ರೆಸ್ಸಿಗೆ ಕೊಡಿ. ಬಾಯಲ್ಲಿ ಏನೂ ಹೇಳಬೇಡಿ, ಹಾಳೆ ಮತ್ತು ಫೈಲು ಮಾತ್ರ. ಬಂದದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮಧ್ಯದಲ್ಲಿ ಪ್ರೆಸ್ಸಿನವರು ಫೋನ್ ಮಾಡಿ ಏನಾದರೂ ಕೇಳಿದರೆ ಬೇಜಾರು ಮಾಡ್ಕೊಳ್ಳಬೇಡಿ, ಆ ಪ್ರಶ್ನೆ ಬರೆದಿಟ್ಟುಕೊಳ್ಳಿ. ನಮಗೆ ಬಂದದ್ದು ಒಂದೇ ಫೋನು, ಮೂಡುಬಿದಿರೆಯಿಂದ: "ಫೋನ್ ನಂಬರಿನ ನಡುವೆ ಜಾಗ ಬಿಡಬೇಕಾ ಸರ್?" ಮೊದಲ ಹಾಳೆಗೆ ಅವತ್ತು ಒಂದು ಸಾಲು ಸೇರಿತು.