ಒಂದು ಮುತ್ತಿನ ಹಾರದ ಅಂತರ

ಹೈದರಾಬಾದಿನ ಪತ್ಥರ್‌ಗಟ್ಟಿಯಲ್ಲಿ ಮುತ್ತಿನ ಅಂಗಡಿ ಇಟ್ಟಿರುವ ಬೀದರಿನವರೊಬ್ಬರ ಗೂಗಲ್ ಜಾಹೀರಾತುಗಳನ್ನು ನಾನು ನೋಡಿಕೊಳ್ಳುತ್ತೇನೆ. ಅವರ ಆನ್‌ಲೈನ್ ಅಂಗಡಿಯಲ್ಲಿ 700 ರೂಪಾಯಿಯ ಓಲೆಯೂ ಇದೆ, 16,000 ರೂಪಾಯಿಯ ಹಾರವೂ ಇದೆ. ಅಲ್ಲಿಯವರೆಗೆ ನಾವು ಬಳಸುತ್ತಿದ್ದದ್ದು ಮ್ಯಾಕ್ಸಿಮೈಸ್ ಕನ್ವರ್ಷನ್ಸ್. ಅದು ಕೊಟ್ಟ ಬಜೆಟ್ಟನ್ನೆಲ್ಲ ಖರ್ಚು ಮಾಡಿ ಆದಷ್ಟು ಹೆಚ್ಚು ಆರ್ಡರ್ ತರಲು ನೋಡುತ್ತದೆ. ಅದಕ್ಕೆ ಓಲೆಯೂ ಒಂದೇ, ಹಾರವೂ ಒಂದೇ. ಟಾರ್ಗೆಟ್ ರೋಆಸ್ ಹಾಗಲ್ಲ. 600% ಎಂದು ಗುರಿ ಕೊಟ್ಟರೆ, ಜಾಹೀರಾತಿನ ಪ್ರತಿ ರೂಪಾಯಿಗೆ ಸರಾಸರಿ ಆರು ರೂಪಾಯಿ ಮಾರಾಟ ಬರುವಂತೆ ಬಿಡ್ ಹಾಕಲು ಪ್ರಯತ್ನಿಸುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ಪ್ರಯೋಗ ಮಾಡಿದೆ. ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು. ಹಾರ ಕೊಳ್ಳುವವರು ನಾಲ್ಕು ಸಲ ಹುಡುಕಿ ಕೊಳ್ಳುವುದರಿಂದ ಹುಡುಕಾಟಗಳನ್ನು ಹಂಚದೆ ಕುಕಿ ಆಧಾರದಲ್ಲಿ ಹಂಚಿದೆ. ಆಗ ಒಬ್ಬರು ಬಹುಮಟ್ಟಿಗೆ ಒಂದೇ ಪಾಲಿನಲ್ಲಿ ಉಳಿಯುತ್ತಾರೆ. ಒಂದೊಂದು ಪಾಲಿಗೆ ದಿನಕ್ಕೆ 3,000 ರೂಪಾಯಿ. ಯಂತ್ರ ಕಲಿಯುವ ಮೊದಲ ವಾರವನ್ನು ಲೆಕ್ಕದಿಂದ ಬಿಟ್ಟು, ಮುಂದಿನ ನಾಲ್ಕು ವಾರ ನೋಡಿದೆ.

ಹಳೆಯ ಪಾಲು 84,000 ಖರ್ಚು ಮಾಡಿ 140 ಆರ್ಡರ್, 2,94,000 ರೂಪಾಯಿ ಮಾರಾಟ ತಂದಿತ್ತು. ಅಂದರೆ 350%. ಹೊಸದು 24,000 ಮಾತ್ರ ಖರ್ಚು ಮಾಡಿ 36 ಆರ್ಡರ್, 1,44,000 ರೂಪಾಯಿ ಮಾರಾಟ ತಂದಿತ್ತು. ಸರಿಯಾಗಿ 600%. ಹೊಸದು ಗೆದ್ದಿತೆಂದು ವರದಿ ಬರೆದು ಕಳಿಸಿಬಿಟ್ಟೆ.

ಮಾಲೀಕರು ಫೋನ್ ಮಾಡಿದರು. "ಸರ, ಪರ್ಸೆಂಟೇಜ್ ಇರ್ಲಿ, ಗಲ್ಲಾದಾಗ ಎಷ್ಟ ಉಳೀತ್ರಿ?"

ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ಮಾಲಿನ ಖರ್ಚೆಲ್ಲ ಕಳೆದು ಅವರಿಗೆ ಸಿಗುವುದು ಮಾರಾಟದ 40%. ಹಳೆಯ ಪಾಲಿನಲ್ಲಿ 1,17,600ರಿಂದ 84,000 ಕಳೆದರೆ 33,600. ಹೊಸದರಲ್ಲಿ 57,600ರಿಂದ 24,000 ಕಳೆದರೂ 33,600. ಎರಡೂ ಸಮ!

ತಪ್ಪು ನನ್ನ ಗುರಿಯಲ್ಲಿತ್ತು. 350% ಬರುತ್ತಿದ್ದ ಕಡೆ 600% ಕೇಳಿದ್ದರಿಂದ ಯಂತ್ರ ಸುಲಭದ ಗಿರಾಕಿಗಳನ್ನಷ್ಟೇ ಆರಿಸಿಕೊಂಡು ಉಳಿದವರನ್ನು ಬಿಟ್ಟಿತ್ತು. ಕಡಿಮೆ ಖರ್ಚು ಮಾಡುವವರ ಶೇಕಡಾವಾರು ಸಾಮಾನ್ಯವಾಗಿ ಚೆಂದ ಕಾಣುತ್ತದೆ. ರೋಆಸ್ ಅಳತೆಗೋಲಾದರೆ ಟಾರ್ಗೆಟ್ ರೋಆಸ್‌ಗೆ ಅನುಕೂಲ, ಆರ್ಡರ್ ಎಣಿಸಿದರೆ ಮ್ಯಾಕ್ಸಿಮೈಸ್ ಕನ್ವರ್ಷನ್ಸ್‌ಗೆ ಅನುಕೂಲ. ಯಾರದೋ ಮನೆಯ ತಕ್ಕಡಿಯಲ್ಲಿ ತೂಗಿದ ಹಾಗೆ.

ಎರಡನೇ ಸಲ, ಶುರು ಮಾಡುವ ಮೊದಲೇ ಒಂದು ಸಾಲು ಬರೆದು ಅವರಿಗೆ ವಾಟ್ಸಾಪ್ ಮಾಡಿದೆ: ಗಲ್ಲಾದಲ್ಲಿ ಉಳಿದದ್ದೇ ಅಳತೆ. ಗುರಿಯನ್ನು ಹಿಂದಿನ ತಿಂಗಳು ನಿಜವಾಗಿ ಬಂದಿದ್ದ 350%ಗೆ ಇಳಿಸಿದೆ. ನಡುವೆ ಬಜೆಟ್, ಗುರಿ ಯಾವುದನ್ನೂ ಮುಟ್ಟಲಿಲ್ಲ. ಮುಗಿದ ಮೇಲೂ ಎರಡು ವಾರ ಕಾದೆ, ಏಕೆಂದರೆ ವರದಿಯಲ್ಲಿ ಆರ್ಡರ್ ಸೇರುವುದು ಕ್ಲಿಕ್ ಆದ ದಿನದ ಲೆಕ್ಕಕ್ಕೆ. ಓಲೆ ಕೊಳ್ಳುವವರು ಅಂದೇ ಕೊಳ್ಳುತ್ತಾರೆ. ಹಾರಕ್ಕೆ ಮನೆಯವರನ್ನೆಲ್ಲ ಕೇಳಿ ಹತ್ತು ದಿನ ಬಿಟ್ಟು ಬರುತ್ತಾರೆ. ಕೂಡಲೇ ನೋಡಿದ್ದರೆ ಕೊನೆಯ ದಿನಗಳು ಬಡವಾಗಿ ಕಾಣುತ್ತಿದ್ದವು, ಅದರಲ್ಲೂ ಹಾರದ ಗಿರಾಕಿಗಳನ್ನು ಹುಡುಕುವ ಹೊಸ ಪಾಲಿನಲ್ಲಿ.

ಈ ಸಲ ಹಳೆಯ ಪಾಲಿಗೆ 84,000 ಖರ್ಚು, 2,90,000 ಮಾರಾಟ, ಉಳಿಕೆ 32,000. ಹೊಸದಕ್ಕೆ 80,000 ಖರ್ಚು, 2,96,000 ಮಾರಾಟ, ಉಳಿಕೆ 38,400. ಹೊಸದು 6,400 ರೂಪಾಯಿ ಮುಂದೆ.

ಖುಷಿಯಾಯಿತು. ಆದರೂ ಆರ್ಡರ್ ಪಟ್ಟಿ ತೆರೆದು ಕೂತೆ. 6,400 ಎಂದರೆ 16,000ದ 40%. ಅಂದರೆ ಹೊಸ ಪಾಲಿನಿಂದ ಒಂದೇ ಒಂದು ಹಾರ ತೆಗೆದರೆ ಎರಡೂ ಮತ್ತೆ ಸಮ. ಆ ಹಾರ ಕೊಂಡವರು ಕುಕಿಯ ಹಂಚಿಕೆಯಲ್ಲಿ ಆ ಕಡೆಗೆ ಬಿದ್ದದ್ದು ನಾಣ್ಯ ಚಿಮ್ಮಿದಷ್ಟೇ ಆಕಸ್ಮಿಕ. ಗೂಗಲ್ ವರದಿ ಮಾರಾಟದ ವ್ಯತ್ಯಾಸಕ್ಕೆ ಕೊಟ್ಟಿದ್ದ ವ್ಯಾಪ್ತಿಯೂ ಸೊನ್ನೆಯ ಎರಡೂ ಬದಿಗೆ ಚಾಚಿತ್ತು. ಬೆಲೆಗಳು ಇಷ್ಟು ಏರುಪೇರಾಗಿರುವ ಅಂಗಡಿಯಲ್ಲಿ ಆರ್ಡರ್ ಸಂಖ್ಯೆಗಿಂತ ಮಾರಾಟದ ಮೊತ್ತ ನಿಲ್ಲಲು ಬಹಳ ಹೆಚ್ಚು ದಿನ ಬೇಕು.

ಸದ್ಯಕ್ಕೆ ಯಾವುದೂ ಗೆದ್ದಿಲ್ಲ ಎಂದು ಅವರಿಗೆ ಹೇಳಿದೆ.

"ಇಷ್ಟ ಹೇಳ್ಲಿಕ್ಕ ಇಷ್ಟ ತಿಂಗಳು ಬೇಕಾಯ್ತೇನ್ರಿ?"

"ಹೌದ್ರಿ ಅಣ್ಣಾ. ಹೋದ ಸಲ ಬೇಗ ಹೇಳಿ ತಪ್ಪು ಹೇಳಿದ್ದೆ."

ಅವರು ನಕ್ಕರು. ಪ್ರಯೋಗವನ್ನು ಅದೇ ಅಳತೆ, ಅದೇ ಗುರಿಯಲ್ಲಿ ಇನ್ನೂ ಎಂಟು ವಾರ ಓಡಿಸಲು ಒಪ್ಪಿದರು. ನಾನು ಹಳೆಯ ವರದಿಯನ್ನು ವಾಪಸ್ ಪಡೆದೆ.