ಮೇಷ್ಟ್ರ ಹಾಜರಿ ಪುಸ್ತಕ ಮತ್ತು ಒಂದು ಇಮೇಲ್

ಕಟ್ಟಡದ ಕೆಲಸ ನಿಧಾನವಾಗಿದೆ ಎಂದು ಯಾರಾದರೂ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೆಲಸಕ್ಕೆ ಬಂದವರ ಕೈ ನಿಧಾನವೋ, ಕೆಲಸಕ್ಕೆ ಜನವೇ ಬರುತ್ತಿಲ್ಲವೋ, ಬಂದವರಿಗೆ ಸಾಮಗ್ರಿ ಇಲ್ಲವೋ, ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರು ಕೂತಿದ್ದಾರೋ? ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕಟ್ಟಡ ಕಾರ್ಮಿಕರ ಉತ್ಪಾದಕತೆಯ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಇದು ದಿನವೂ ಎದುರಾಗುವ ವಿಷಯ. ಆದರೆ ಕಳೆದ ನವೆಂಬರಿನಲ್ಲಿ ಇದು ನಮ್ಮ ಮನೆಯದೇ ವಿಷಯವಾಯಿತು.

ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಶಿವಮೊಗ್ಗದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ನೆಲಮಹಡಿ, ಮೇಲೊಂದು ಮಹಡಿ ಕಟ್ಟಿಸುತ್ತಿದ್ದರು. ಕಂಟ್ರ್ಯಾಕ್ಟರು ಅವರದೇ ಶಿಷ್ಯ. ಫೆಬ್ರವರಿಯಲ್ಲಿ ಶುರುವಾದ ಕೆಲಸ ಕರಾರಿನ ಪ್ರಕಾರ ಡಿಸೆಂಬರ್ 31ಕ್ಕೆ ಮುಗಿಯಬೇಕಿತ್ತು. ನಾವಿದ್ದ ಬಾಡಿಗೆ ಮನೆಯ ಯಜಮಾನರ ಮಗಳ ಮದುವೆ ಫೆಬ್ರವರಿ ಕೊನೆಗೆ ಗೊತ್ತಾಗಿತ್ತು. ಅಷ್ಟರೊಳಗೆ ಖಾಲಿ ಮಾಡಿಕೊಡುತ್ತೇವೆಂದು ಅಪ್ಪ ಮಾತು ಕೊಟ್ಟಿದ್ದರು. ದೀಪಾವಳಿ ಕಳೆದರೂ ಮೇಲಿನ ಮಹಡಿಯ ಗೋಡೆಗಳೇ ಪೂರ್ತಿಯಾಗಿರಲಿಲ್ಲ. ಫೋನು ಮಾಡಿದರೆ "ಸೋಮವಾರದಿಂದ ಜನ ಹಾಕ್ತೀನಿ ಮೇಷ್ಟ್ರೇ" ಎಂಬ ಉತ್ತರ. ಎಷ್ಟು ಸೋಮವಾರಗಳು ಬಂದು ಹೋದವೋ! ಅಪ್ಪ ಗದರುವವರಲ್ಲ. "ಪಾಪ, ಒಳ್ಳೆ ಹುಡುಗ ಕಣೇ, ಅವನ ಮನಸ್ಸು ನೋಯಿಸಬೇಡ" ಎನ್ನುತ್ತಿದ್ದರು.

ಇಮೇಲ್ ಬರೆಯುವುದೆಂದು ನಾನು ಹೇಳಿದಾಗ ಅವರಿಗೆ ಕಸಿವಿಸಿಯಾಯಿತು. ಶಿಷ್ಯನಿಗೆ ನೋಟಿಸು ಕೊಟ್ಟಂತೆ ಅಲ್ಲವೇ? ನೋಟಿಸಲ್ಲ, ಲೆಕ್ಕ ಕೇಳುವುದು ಅಷ್ಟೇ ಎಂದೆ. ಲೆಕ್ಕಕ್ಕೆ ಬೇಕಾದ ಸಾಮಗ್ರಿ ಅಪ್ಪನ ಹತ್ತಿರವೇ ಇತ್ತು. ಮೂವತ್ತು ವರ್ಷ ಹಾಜರಿ ಕರೆದ ಅಭ್ಯಾಸ ಬಿಡದೆ, ದಿನಾ ಬೆಳಿಗ್ಗೆ ಸೈಟಿಗೆ ಹೋಗಿ ಬಂದವರ ಸಂಖ್ಯೆಯನ್ನು ಅವರು ಒಂದು ನೋಟ್ ಪುಸ್ತಕದಲ್ಲಿ ಗೀಚಿಟ್ಟಿದ್ದರು.

ಅಕ್ಟೋಬರಿನ ಪುಟ ತೆಗೆದೆ. ಭಾನುವಾರ, ದಸರಾ, ದೀಪಾವಳಿ ಕಳೆದು 23 ಕೆಲಸದ ದಿನಗಳು. ಅವುಗಳಲ್ಲಿ ಮೇಸ್ತ್ರಿಗಳು ಬಂದದ್ದು 11 ದಿನ ಮಾತ್ರ. ಆರು ದಿನ ಇಬ್ಬರು, ಐದು ದಿನ ಒಬ್ಬರು. ಒಬ್ಬ ಮೇಸ್ತ್ರಿಯ ಒಂದು ದಿನದ ಕೆಲಸವನ್ನು ಒಂದು ಮೇಸ್ತ್ರಿ-ದಿನ ಎಂದು ಹಿಡಿದರೆ, ಇಡೀ ತಿಂಗಳಿಗೆ 17 ಮೇಸ್ತ್ರಿ-ದಿನ. ಆ ತಿಂಗಳು ಎದ್ದ ಗೋಡೆಯನ್ನು ಟೇಪು ಹಿಡಿದು ಅಳೆದರೆ 1,360 ಚದರಡಿ. ಭಾಗಿಸಿದರೆ ಒಬ್ಬೊಬ್ಬರು ದಿನಕ್ಕೆ 80 ಚದರಡಿ ಆರಿಂಚಿನ ಬ್ಲಾಕ್ ಗೋಡೆ ಕಟ್ಟಿದ್ದಾರೆ. ಇದು ಒಳ್ಳೆಯ ಕೆಲಸವೇ. ಅಂದರೆ ನಮ್ಮ ಸೈಟಿನಲ್ಲಿ ಯಾರ ಕೈಯೂ ನಿಧಾನವಿರಲಿಲ್ಲ. ಅರ್ಧಕ್ಕರ್ಧ ದಿನ ಅಲ್ಲಿ ಕೈಗಳೇ ಇರಲಿಲ್ಲ. "ಕೆಲಸ ಬೇಗ ಮಾಡಿಸಿ" ಎಂದು ಬರೆದಿದ್ದರೆ ಅದು ಬಂದ ಇಬ್ಬರ ಮೇಲೆ ಒತ್ತಡ ಹಾಕುವ ಮಾತಾಗುತ್ತಿತ್ತು. ಬಾರದವರನ್ನು ಅದು ತಲುಪುತ್ತಿರಲಿಲ್ಲ.

ಇನ್ನು ಉಳಿದ ಕೆಲಸ. ಗೋಡೆ 640 ಚದರಡಿ, ಅಂದರೆ 8 ಮೇಸ್ತ್ರಿ-ದಿನ. ಒಳಗಿನ ಗಿಲಾವು, ಚಾವಣಿಯೂ ಸೇರಿ, ಎರಡು ಮಹಡಿಗೆ ಸುಮಾರು 6,000 ಚದರಡಿ. ಒಬ್ಬ ಮೇಸ್ತ್ರಿ ದಿನಕ್ಕೆ 100 ಚದರಡಿ ಮಾಡಿದರೆ 60 ಮೇಸ್ತ್ರಿ-ದಿನ. ಹೊರಗಿನ ಗಿಲಾವು 2,400 ಚದರಡಿ. ಸಾರುವೆ ಕಟ್ಟಿ ಮಾಡಬೇಕಾದ್ದರಿಂದ ದಿನಕ್ಕೆ 80ರಂತೆ 30 ಮೇಸ್ತ್ರಿ-ದಿನ. ಒಟ್ಟು 98. ಅಕ್ಟೋಬರಿನ ಹಾಜರಿಯೇ ಮುಂದುವರಿದರೆ ಇಷ್ಟಕ್ಕೆ 22 ವಾರ ಬೇಕು. ಯುಗಾದಿ ದಾಟಿ ಏಪ್ರಿಲ್ ಮಧ್ಯಕ್ಕೆ ಗಿಲಾವು ಮುಗಿಯುತ್ತದೆ. ಟೈಲ್ಸು, ಬಣ್ಣ ಆಮೇಲೆ. ಈ ಲೆಕ್ಕ ನೋಡಿದ ಮೇಲೆ ಅಪ್ಪ ಮೌನವಾಗಿ "ಬರಿ" ಎಂದರು.

ನಾನು ಬರೆದದ್ದು ಇಷ್ಟು:

"ನಮಸ್ಕಾರ. ಕರಾರಿನ ವೇಳಾಪಟ್ಟಿಯಂತೆ ಗಿಲಾವು ಸೆಪ್ಟೆಂಬರ್ 23ಕ್ಕೆ ಶುರುವಾಗಬೇಕಿತ್ತು. ಇಂದು, ನವೆಂಬರ್ 9ಕ್ಕೆ, ಇನ್ನೂ ಶುರುವಾಗಿಲ್ಲ. ಸುಮಾರು ಏಳು ವಾರ ಹಿಂದಿದ್ದೇವೆ. ಅಕ್ಟೋಬರಿನ ಹಾಜರಿ ಮತ್ತು ಉಳಿದ ಕೆಲಸದ ಅಳತೆ ಜೊತೆಗಿಟ್ಟಿದ್ದೇನೆ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ತಿದ್ದಿ ತಿಳಿಸಿ. ನಮ್ಮ ಕಡೆಯಿಂದ ಮೇಲ್ಛಾವಣಿಯವರೆಗಿನ ಹಣ ಸಂದಾಯವಾಗಿದೆ, ಎಲೆಕ್ಟ್ರಿಕಲ್ ಪಾಯಿಂಟುಗಳ ನಕ್ಷೆ ಕೊಟ್ಟಾಗಿದೆ. ಬೇರೇನಾದರೂ ನಮ್ಮಿಂದ ಬಾಕಿಯಿದ್ದರೆ ಬರೆಯಿರಿ. ಬುಧವಾರ ಸಂಜೆಯೊಳಗೆ ಮುಂದಿನ ಕೆಲಸದ ಯೋಜನೆ ಕಳಿಸಿಕೊಡಿ. ಅದರಲ್ಲಿ ಪ್ರತಿ ಕೆಲಸದ ಶುರು ಮತ್ತು ಮುಕ್ತಾಯದ ದಿನಾಂಕ, ಆ ಕೆಲಸಕ್ಕೆ ದಿನಾ ಎಷ್ಟು ಮೇಸ್ತ್ರಿ, ಎಷ್ಟು ಹೆಲ್ಪರ್, ವಾರಕ್ಕೆ ಎಷ್ಟು ಚದರಡಿ ಎಂಬುದು ಇರಲಿ. ಈ ದಿನಾಂಕಗಳನ್ನು ಕೇಳಿದ ಮಾತ್ರಕ್ಕೆ ಡಿಸೆಂಬರ್ 31ರ ಗಡುವನ್ನಾಗಲಿ, ತಡವಾದರೆ ಬಾಡಿಗೆ ಭರಿಸುವ ಕರಾರಿನ ಮಾತನ್ನಾಗಲಿ ನಾವು ಬಿಟ್ಟುಕೊಟ್ಟಂತಲ್ಲ."

ಕೊನೆಯ ವಾಕ್ಯವನ್ನು ತೆಗೆಯುವಂತೆ ಅಪ್ಪ ಎರಡು ಸಲ ಹೇಳಿದರು. ನಾನು ತೆಗೆಯಲಿಲ್ಲ. ಅದಕ್ಕೆ ಕಾರಣವಿದೆ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಗಡುವೇ ಮುಖ್ಯವಾಗಿರುವ ಕರಾರಿನಲ್ಲಿ ಗಡುವು ಮೀರಿ ಬಂದ ಕೆಲಸವನ್ನು ಸುಮ್ಮನೆ ಒಪ್ಪಿಕೊಂಡವರು ಆಮೇಲೆ ನಷ್ಟ ಕೇಳುವಂತಿಲ್ಲ. ಒಪ್ಪಿಕೊಳ್ಳುವಾಗಲೇ ಕೇಳುವ ಉದ್ದೇಶವನ್ನು ತಿಳಿಸಿರಬೇಕು. ಹೊಸ ದಿನಾಂಕ ಕೇಳುವ ಪತ್ರವೇ ಹಳೆಯ ದಿನಾಂಕ ಬಿಟ್ಟುಕೊಟ್ಟ ಪತ್ರವೂ ಆಗಬಾರದಲ್ಲ. ಆ ಹಣ ಕೇಳುತ್ತೇವೋ ಬಿಡುತ್ತೇವೋ ಎನ್ನುವುದು ಬೇರೆ ಮಾತು.

ಉತ್ತರ ಮಂಗಳವಾರವೇ ಬಂತು, ಮೂರು ಸಾಲು. ಅಲ್ಲಿಯವರೆಗೆ ನನ್ನನ್ನು "ತಂಗಿ" ಎನ್ನುತ್ತಿದ್ದವರು "ಮೇಡಂ" ಎಂದು ಬರೆದಿದ್ದರು. ಹತ್ತು ಜನ ಹಾಕುತ್ತೇವೆ, ತಕ್ಷಣ ಶುರು ಮಾಡುತ್ತೇವೆ, ಡಿಸೆಂಬರ್ 31ಕ್ಕೆ ಕೀ ಕೊಡುತ್ತೇವೆ. ಅಪ್ಪನಿಗೆ ಖುಷಿಯೋ ಖುಷಿ. ನನಗೆ ಅದು ಯೋಜನೆ ಎನಿಸಲಿಲ್ಲ. ಹತ್ತು ಜನರಲ್ಲಿ ಮೇಸ್ತ್ರಿಗಳೆಷ್ಟು? ಗಾರೆ ಕಲಸಿ ಎತ್ತಿಕೊಡುವವರು ಸಾಲದಿದ್ದರೆ ಮೇಸ್ತ್ರಿ ಕೈಕಟ್ಟಿ ನಿಲ್ಲುತ್ತಾನೆ. ಹೆಲ್ಪರುಗಳೇ ಹೆಚ್ಚಿದ್ದರೆ ತಲೆಯೆಣಿಕೆ ತುಂಬುತ್ತದೆ, ಗೋಡೆ ತುಂಬುವುದಿಲ್ಲ. ಇನ್ನೊಂದು, ಕೆಲವು ದಿನಗಳನ್ನು ಜನ ಹಾಕಿ ಕಡಿಮೆ ಮಾಡಲಾಗುವುದಿಲ್ಲ. ಹೊಸ ಗೋಡೆಗೆ ಒಂದು ವಾರ ನೀರುಣಿಸಬೇಕು. ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪು ಕೂರಿಸಿದ ಮೇಲೆಯೇ ಗಿಲಾವು. ಗಿಲಾವಿಗೆ ಮತ್ತೆ ಒಂದು ವಾರ ನೀರು, ಆಮೇಲೆ ಟೈಲ್ಸು. ನೂರು ಜನ ನಿಂತರೂ ಸಿಮೆಂಟು ಅದರ ಪಾಡಿಗೆ ಅದು ಗಟ್ಟಿಯಾಗಬೇಕು. ಈ ಕಾಯುವ ದಿನಗಳಿಗೆ ಜಾಗವಿಲ್ಲದ ಯಾವ ದಿನಾಂಕವನ್ನೂ ನಂಬಲಾಗದು.

ಮತ್ತೆ ಬರೆಯುವ ಬದಲು ಅವರನ್ನು ಸೈಟಿಗೆ ಕರೆದೆವು. ಮರಳಿನ ರಾಶಿಯ ಪಕ್ಕ ಕೂತು ಲೆಕ್ಕದ ಹಾಳೆ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿ, ಅಪ್ಪನ ಕಡೆ ತಿರುಗಿದರು. "ಮೇಷ್ಟ್ರೇ, ನಿಜ ಹೇಳ್ತೀನಿ. ನನ್ನ ಗಾರೆಯವರು ನನ್ನ ಹತ್ರ ಇಲ್ಲ. ಬೇರೆ ಸೈಟಲ್ಲಿ ಶನಿವಾರ ಶನಿವಾರ ಬಟವಾಡೆ ಆಗುತ್ತೆ. ನೀವು ಕೊಡೋ ಹಣ ಗಿಲಾವು ಪೂರ್ತಿ ಆದ್ಮೇಲೆ. ಅಲ್ಲಿವರೆಗೆ ವಾರವಾರ ಅವರಿಗೆ ಎಲ್ಲಿಂದ ಕೊಡ್ಲಿ?"

ನಾಲ್ಕು ತಿಂಗಳ ಫೋನಿನಲ್ಲಿ ಒಮ್ಮೆಯೂ ಬಾರದ ಮಾತು ಅದು. "ಯಾವಾಗ ಮುಗಿಸುತ್ತೀರಿ" ಎಂಬ ಪ್ರಶ್ನೆಗೆ ಒಂದು ದಿನಾಂಕ ಹೇಳಿ ಜಾರಿಕೊಳ್ಳಬಹುದು. "ದಿನಾ ಎಷ್ಟು ಮೇಸ್ತ್ರಿ" ಎಂದು ಕೇಳಿದಾಗ, ಅವರು ಎಲ್ಲಿದ್ದಾರೆ, ಏಕೆ ಬರುತ್ತಿಲ್ಲ ಎನ್ನುವುದನ್ನು ಹೇಳದೆ ವಿಧಿಯಿಲ್ಲ. ಗಿಲಾವಿನ ಕಂತನ್ನು ಮೂರು ಭಾಗ ಮಾಡಿದೆವು: ನೆಲಮಹಡಿಯ ಒಳಗು, ಹೊರಗು, ಮೇಲ್ಮಹಡಿಯ ಒಳಗು. ಪ್ರತಿ ಭಾಗ ಅಳೆದ ದಿನವೇ ಹಣ. ಒಟ್ಟು ಮೊತ್ತದಲ್ಲಿ ಒಂದು ರೂಪಾಯಿಯೂ ಬದಲಾಗಲಿಲ್ಲ.

ಆಮೇಲೆ ಬರೆದ ಯೋಜನೆಯಲ್ಲಿ ನಾಲ್ವರು ಮೇಸ್ತ್ರಿಗಳು, ಆರು ಹೆಲ್ಪರುಗಳು, ನವೆಂಬರ್ 18ರಿಂದ ಶುರು. ಅದಕ್ಕೆ ಮೊದಲಿನ ವಾರ ಎಲೆಕ್ಟ್ರಿಷಿಯನ್ ನೆಲಮಹಡಿ ಕೊರೆದು ಮುಗಿಸುವುದು. ಇಬ್ಬರು ಮೇಲಿನ ಗೋಡೆ ನಾಲ್ಕು ದಿನದಲ್ಲಿ ಮುಗಿಸುವಾಗ ಉಳಿದಿಬ್ಬರು ಕೆಳಗೆ ಗಿಲಾವು ಹಿಡಿಯುವುದು. ಆಮೇಲೆ ನಾಲ್ವರೂ ಸೇರಿ 28ಕ್ಕೆ ಕೆಳಗಿನ ಒಳಗು ಮುಗಿಸುವುದು. ಅಷ್ಟರಲ್ಲಿ ಮೇಲಿನ ಗೋಡೆ ಒಂದು ವಾರ ನೀರು ಕುಡಿದಿರುತ್ತದೆ. ಮೇಸ್ತ್ರಿಗಳು ಹೊರಗಿನ ಗಿಲಾವಿಗೆ ಹೋದಾಗ ಎಲೆಕ್ಟ್ರಿಷಿಯನ್ ಮೇಲೆ ಕೊರೆಯುತ್ತಾನೆ. ಡಿಸೆಂಬರ್ 7ಕ್ಕೆ ಹೊರಗು, 17ಕ್ಕೆ ಮೇಲಿನ ಒಳಗು. ಕೆಳಗೆ ಟೈಲ್ಸಿನವರು ಡಿಸೆಂಬರ್ 6ರಿಂದಲೇ ಕೂರುತ್ತಾರೆ. ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ಹೀಗೆ ಹೆಣೆದರೂ ಮೇಲಿನ ಟೈಲ್ಸು, ಬಾಗಿಲು, ಬಣ್ಣ ಸೇರಿ ಜನವರಿ 31ರ ಈಚೆಗೆ ಬರಲಿಲ್ಲ. ಡಿಸೆಂಬರ್ 31 ಎಂದು ಹಟ ಹಿಡಿದಿದ್ದರೆ ಅವರು ಖಂಡಿತ ಹೂಂ ಎನ್ನುತ್ತಿದ್ದರು. ಮತ್ತು ನೀರುಣಿಸುವ ದಿನಗಳನ್ನೇ ಮೊದಲು ತಿನ್ನುತ್ತಿದ್ದರು; ಅದು ಗೋಡೆಯ ಬಿರುಕಾಗಿ ಮುಂದಿನ ಬೇಸಿಗೆಯಲ್ಲಿ ಕಾಣುತ್ತಿತ್ತು.

ಯೋಜನೆ ನಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಜನವರಿಯವರೆಗೆ ಕಾಯಬೇಕಿಲ್ಲ, ಮೊದಲ ಶನಿವಾರ ಸಾಕು. ಆ ವಾರ 24 ಮೇಸ್ತ್ರಿ-ದಿನ ಆಗಬೇಕಿತ್ತು. ಅಪ್ಪನ ಪುಸ್ತಕದಲ್ಲಿ 21 ಇತ್ತು. ಅಕ್ಟೋಬರ್ ತಿಂಗಳಿಡೀ ಆದದ್ದಕ್ಕಿಂತ ಹೆಚ್ಚು. ಮೂರು ಕಡಿಮೆಯಾದದ್ದನ್ನು ಅಪ್ಪ ತಾವೇ ಅವರಿಗೆ ಫೋನು ಮಾಡಿ ಹೇಳಿದರು, ದನಿ ಏರಿಸದೆ, ಸಂಖ್ಯೆ ಮಾತ್ರ ಹೇಳಿ. ಗಿಲಾವು ಡಿಸೆಂಬರ್ 20ಕ್ಕೆ ಮುಗಿಯಿತು. ಬಣ್ಣದವರು ಸಂಕ್ರಾಂತಿಗೆಂದು ಊರಿಗೆ ಹೋಗಿ ತಡವಾಗಿ ಬಂದದ್ದರಿಂದ ಮನೆ ಸಿಕ್ಕಿದ್ದು ಫೆಬ್ರವರಿ 6ಕ್ಕೆ. ಬಾಡಿಗೆ ಮನೆಯನ್ನು ಮದುವೆಗೆ ಮುಂಚೆಯೇ ಬಿಟ್ಟುಕೊಟ್ಟೆವು. ತಡವಾದ ತಿಂಗಳ ಬಾಡಿಗೆಯ ಮಾತನ್ನು ಅಪ್ಪ ಎತ್ತಲಿಲ್ಲ. ಕೊನೆಯ ಕಂತಿನಲ್ಲಿ ಕಂಟ್ರ್ಯಾಕ್ಟರೇ ಅದನ್ನು ಕಳೆದು ಬಿಲ್ಲು ಬರೆದು ತಂದಿದ್ದರು.